ಮಳೆ ಬಂದಾಗಲೆಲ್ಲ "Front Radar Blocked": ಕವರ್‌ನ ಹೊರಗೆ ಒರೆಸಿದರೆ ಸಾಲದಿದ್ದಾಗ

ಜೋರು ಮಳೆಯಲ್ಲೋ ಕೆಸರಿನ ರಸ್ತೆಯಲ್ಲೋ ಕಾರು ಓಡಿಸಿದ ಮೇಲೆ ಮೀಟರ್ ಪರದೆಯಲ್ಲಿ "Front Radar Blocked" ಅಂತ ಬರುತ್ತದೆ. ಕೆಲವು ಕಾರುಗಳಲ್ಲಿ "Clean Sensor" ಅಂತ ಇರುತ್ತದೆ, ಕೆಲವಲ್ಲಿ ಬರೀ ಒಂದು ಚಿತ್ರ. ಜೊತೆಗೆ ಮುಂದಿನ ವಾಹನ ನೋಡಿ ತಾನಾಗಿ ವೇಗ ಹೊಂದಿಸುವ ಅಡಾಪ್ಟಿವ್ ಕ್ರೂಸ್ ಆಫ್ ಆಗುತ್ತದೆ. ಇಳಿದು ಮುಂಭಾಗ ತೊಳೆದು ಒಂದಷ್ಟು ದೂರ ಓಡಿಸಿದರೆ ಸಾಮಾನ್ಯವಾಗಿ ಸಂದೇಶ ಹೋಗುತ್ತದೆ. ಅಲ್ಲಿಗೆ ಕೆಲಸ ಮುಗಿಯಿತು. ಅದಕ್ಕೆ ಕೈಪಿಡಿ ಬೇಕಾಗಿಲ್ಲ.

ತಲೆನೋವು ಕೊಡುವುದು ಇನ್ನೊಂದು ತರದ್ದು. ತೊಳೆದರೂ ಹೋಗುವುದಿಲ್ಲ. ಅಥವಾ ಹೋಗುತ್ತದೆ, ಬಿಸಿಲಿದ್ದಷ್ಟು ದಿನ ಸುಮ್ಮನಿರುತ್ತದೆ, ಮುಂದಿನ ಮಳೆಗೆ ಮತ್ತೆ ಹಾಜರ್. ಮೊದಲು ಜೋರು ಮಳೆಗೆ ಬರುತ್ತಿದ್ದದ್ದು ಆಮೇಲೆ ತುಂತುರಿಗೂ ಬರಲು ಶುರು. ವರ್ಕ್‌ಶಾಪಿಗೆ ಒಯ್ದ ದಿನ ಬಿಸಿಲು, ಎಲ್ಲ ಸರಿಯಾಗೇ ಇರುತ್ತದೆ. "ರಾಡಾರ್ ಹೋಗಿರಬಹುದು, ಬದಲಾಯಿಸಿ" ಎಂಬ ಸಲಹೆ ಬರುವುದು ಇಂಥ ಕಾರುಗಳಿಗೇ ಜಾಸ್ತಿ. ರಾಡಾರ್ ದುಬಾರಿ ಸಾಮಾನು. ಅದನ್ನು ಬದಲಿಸುವ ಮೊದಲು ನೋಡಬೇಕಾದ ಜಾಗ ಒಂದಿದೆ: ಮುಂದಿನ ಪ್ಲಾಸ್ಟಿಕ್ ಕವರ್‌ಗೂ ರಾಡಾರ್‌ಗೂ ನಡುವಿನ ಸಂದು.

ರಾಡಾರ್‌ಗೆ ಕೊಳೆ ಕಾಣುವುದಿಲ್ಲ

ಇದೊಂದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಮುಂದಿನ ರಾಡಾರ್ ಸಾಮಾನ್ಯವಾಗಿ 77 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಅಂದರೆ ಅದು ಬಿಡುವ ಅಲೆಯ ಉದ್ದ ಸುಮಾರು 4 ಮಿಲಿಮೀಟರ್. ಈ ಅಲೆ ತೆಳುವಾದ ಪ್ಲಾಸ್ಟಿಕ್ ಮೂಲಕ ಆರಾಮಾಗಿ ದಾಟುತ್ತದೆ. ಅದಕ್ಕೇ ರಾಡಾರನ್ನು ಲೋಗೋದ ಹಿಂದೆಯೋ ಬಂಪರ್‌ನ ಕೆಳಗ್ರಿಲ್‌ನ ಹಿಂದೆಯೋ ಮುಚ್ಚಿಡಲು ಆಗುವುದು.

ತನ್ನ ಮುಂದೆ ಕೊಳೆ ಕೂತಿದೆಯೋ ಇಲ್ಲವೋ ಎಂದು ರಾಡಾರ್ ಬಹುಮಟ್ಟಿಗೆ ಊಹೆಯಿಂದ ತೀರ್ಮಾನಿಸುತ್ತದೆ. ಕಾರು ಓಡುತ್ತಿದೆ ಎಂದು ಚಕ್ರದ ವೇಗ ಹೇಳುತ್ತದೆ. ಓಡುತ್ತಿದ್ದರೆ ಮುಂದಿನ ವಾಹನ, ರಸ್ತೆ ಬದಿಯ ಕಂಬ, ಬೇಲಿ, ಬೋರ್ಡು, ಏನಾದರೂ ಒಂದರಿಂದ ಪ್ರತಿಧ್ವನಿ ಬರಲೇಬೇಕು. ಒಂದಷ್ಟು ಹೊತ್ತು ಅಂಥದ್ದು ಬರದಿದ್ದರೆ, ಅಥವಾ ಬಂದದ್ದೆಲ್ಲ ತೀರಾ ಕ್ಷೀಣವಾಗಿದ್ದರೆ, "ನನ್ನ ಕಣ್ಣಿಗೆ ಏನೋ ಅಡ್ಡ ಇದೆ" ಎಂದು ಅದು ನಿರ್ಧರಿಸುತ್ತದೆ. ಕವರ್‌ನಿಂದಲೇ, ಅಂದರೆ ಮೂಗಿನ ತುದಿಯಿಂದಲೇ, ಜೋರಾಗಿ ವಾಪಸ್ ಬರುವ ಸಿಗ್ನಲನ್ನು ನೋಡುವ ರಾಡಾರ್‌ಗಳೂ ಇವೆ.

ಇದರಿಂದ ಮೂರು ಸಂಗತಿ ಅರ್ಥವಾಗುತ್ತವೆ. ನಿಂತ ಕಾರಿನಲ್ಲಿ ಎಷ್ಟು ಒರೆಸಿದರೂ ಸಂದೇಶ ತಕ್ಷಣ ಹೋಗದಿರಬಹುದು, ಏಕೆಂದರೆ ಹೊಸ ಪ್ರತಿಧ್ವನಿ ಸಿಗಲು ಕಾರು ಓಡಬೇಕು. ಎರಡನೆಯದು, ಅಕ್ಕಪಕ್ಕ ಏನೂ ಇಲ್ಲದ ಬಟಾಬಯಲಿನ ಖಾಲಿ ರಸ್ತೆಯಲ್ಲಿ ಸ್ವಚ್ಛವಾದ ರಾಡಾರೂ "ಬ್ಲಾಕ್" ಎಂದು ಹೇಳಬಹುದು. ಅದು ದೋಷವಲ್ಲ. ವಾಹನಗಳ ನಡುವೆ ಬಂದ ಮೇಲೆ ತಾನಾಗಿ ಹೋಗುತ್ತದೆ. ಮೂರನೆಯದು ಮುಖ್ಯವಾದದ್ದು. ಸಂದೇಶ ಬರುವಷ್ಟರಲ್ಲಿ ರಾಡಾರ್‌ನ ನೋಟ ಆಗಲೇ ಕುಗ್ಗಿರುತ್ತದೆ. ಮುಂದಿನ ಕಾರಿನ ಚಿತ್ರ ಪರದೆಯಲ್ಲಿ ಬಂದು ಹೋಗಿ ಮಾಡುವುದು, ಕ್ರೂಸ್ ಎಂದಿಗಿಂತ ತಡವಾಗಿ ಬ್ರೇಕ್ ಹಿಡಿಯುವುದು, ಇವು ಸಂದೇಶಕ್ಕೂ ಮೊದಲಿನ ಲಕ್ಷಣಗಳು. ಮಳೆಯಲ್ಲಿ ಹೀಗೆ ಅನ್ನಿಸಿದರೆ ಸಂದೇಶಕ್ಕೆ ಕಾಯದೆ ಕ್ರೂಸ್ ಆಫ್ ಮಾಡಿ.

ಒಣ ಮಣ್ಣು ಬೇರೆ, ಒದ್ದೆ ಮಣ್ಣು ಬೇರೆ

ಈ ಅಲೆಗೆ ನಿಜವಾದ ಶತ್ರು ಮಣ್ಣಲ್ಲ, ನೀರು. ಲೆಕ್ಕ ಹಾಕಿ ನೋಡಿದರೆ ಕವರ್ ಮೇಲೆ ಸಮನಾಗಿ ಹರಡಿದ 0.1 ಮಿಲಿಮೀಟರ್‌ನಷ್ಟು ನೀರಿನ ಪದರವೇ ಸಿಗ್ನಲನ್ನು ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಸಬಲ್ಲದು. ಅದೂ ಹೋಗುವಾಗ ಒಮ್ಮೆ. ಬಡಿದು ವಾಪಸ್ ಬರುವಾಗ ಅದೇ ಪದರ ಮತ್ತೊಮ್ಮೆ ದಾಟಬೇಕು. ಅಲ್ಲಿಗೆ ಉಳಿಯುವುದು ಹದಿನಾರನೇ ಒಂದು ಭಾಗ. ಇಷ್ಟಾದರೆ ಒಂದು ವಸ್ತುವನ್ನು ಗುರುತಿಸಬಲ್ಲ ದೂರ ಅರ್ಧಕ್ಕೆ ಇಳಿಯುತ್ತದೆ. ಪದರ ಇನ್ನೂ ದಪ್ಪವಾದರೆ ಕಾಣುವುದು ತೀರಾ ಹತ್ತಿರದ್ದು ಮಾತ್ರ.

ಗಾಳಿಯಲ್ಲಿ ಬೀಳುತ್ತಿರುವ ಹನಿಗಳೂ ಒಂದಷ್ಟು ಸಿಗ್ನಲ್ ತಿನ್ನುತ್ತವೆ, ಧಾರಾಕಾರ ಮಳೆಯಲ್ಲಿ ಅದು ಲೆಕ್ಕಕ್ಕೆ ಬರುತ್ತದೆ ಕೂಡ. ಆದರೆ ಸಾಮಾನ್ಯ ಮಳೆಯಲ್ಲಿ ತೊಂದರೆ ಕೊಡುವುದು ಕವರ್‌ಗೆ ಅಂಟಿದ ಪದರ. ಅದರಲ್ಲೂ ಮಣಿಮಣಿಯಾಗಿ ನಿಂತ ನೀರಿಗಿಂತ ಹಾಳೆಯಂತೆ ಹರಡಿದ ನೀರು ಕೆಟ್ಟದ್ದು. ಹೊಸ ಕವರ್ ನುಣುಪಾಗಿರುತ್ತದೆ, ನೀರು ಮಣಿಯಾಗಿ ಉರುಳಿ ಬೀಳುತ್ತದೆ. ಬಿಸಿಲು ತಿಂದು ಮಂಕಾದ, ಗೀರುಬಿದ್ದ ಕವರ್ ಮೇಲೆ ನೀರು ಹಾಳೆಯಾಗಿ ಅಂಟಿಕೊಳ್ಳುತ್ತದೆ. ಒಂದು ಲೋಟ ನೀರು ಮೆಲ್ಲಗೆ ಸುರಿದು ನೋಡಿದರೆ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಈಗ ಮಣ್ಣಿಗೆ ಬರೋಣ. ಪೂರ್ತಿ ಒಣಗಿದ ತೆಳು ಮಣ್ಣಿನ ಪದರದ ಮೂಲಕ ರಾಡಾರ್ ಬಹುಮಟ್ಟಿಗೆ ನೋಡಬಲ್ಲದು. ಧೂಳಂತೂ ಅದಕ್ಕೆ ಲೆಕ್ಕವೇ ಇಲ್ಲ. ಆದರೆ ಮಣ್ಣು ನೀರು ಹೀರಿಕೊಂಡು ಹಿಡಿದಿಟ್ಟುಕೊಳ್ಳುತ್ತದೆ. ಬರೀ ಪ್ಲಾಸ್ಟಿಕ್ ಮೇಲೆ ಬಿದ್ದ ನೀರು ಗಾಳಿಗೆ ಜಾರಿ ಹೋಗುತ್ತದೆ. ಮಣ್ಣಿನೊಳಗೆ ಸೇರಿದ್ದು ಅಷ್ಟು ಬೇಗ ಹೋಗುವುದಿಲ್ಲ.

ಆದ್ದರಿಂದ ಸಂದೇಶ ಬಿಸಿಲಲ್ಲಿ ಇಲ್ಲ, ಮಳೆಯಲ್ಲಿ ಇದೆ, ಮಳೆ ನಿಂತ ಮೇಲೂ ಗಂಟೆಗಟ್ಟಲೆ ಇದೆ ಎಂದಾದರೆ ಎಲ್ಲೋ ಮಣ್ಣು ಕೂತಿದೆ ಎಂದೇ ಮೊದಲ ಅನುಮಾನ. ಹೊರಗೆ ಕಾಣದಿದ್ದರೆ ಅದು ಒಳಗಿದೆ.

ಮೊದಲು ಮಾಡಬೇಕಾದ್ದು

ಪರದೆಯ ಮೇಲಿನ ಮಾತನ್ನು ಸರಿಯಾಗಿ ಓದಿ, ಸಾಧ್ಯವಾದರೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ರಾಡಾರ್, ಕ್ಯಾಮೆರಾ, ಪಾರ್ಕಿಂಗ್ ಸೆನ್ಸರ್ ಮೂರೂ ಬೇರೆ ಬೇರೆ. ಕ್ಯಾಮೆರಾ ಇರುವುದು ಮುಂದಿನ ಗಾಜಿನ ಹಿಂದೆ, ಕನ್ನಡಿಯ ಹತ್ತಿರ. ಅದಕ್ಕೆ ಬೇಕಾದ್ದು ವೈಪರ್, ಸ್ವಚ್ಛ ಗಾಜು, ಒಳಗಿನ ಮಂಜು ಬಿಡಿಸುವುದು. ಬಂಪರ್‌ನಲ್ಲಿ ಗುಂಡಗೆ ಗುಂಡಿಯಂತೆ ಕಾಣುವವು ಪಾರ್ಕಿಂಗ್ ಸೆನ್ಸರ್‌ಗಳು. ಅವನ್ನು ಒರೆಸಿ ರಾಡಾರ್ ಸಂದೇಶ ಹೋಗಲಿಲ್ಲ ಎಂದು ಬೇಸರಪಡುವವರು ಕಡಿಮೆಯಿಲ್ಲ.

ಇನ್ನೊಂದು ವ್ಯತ್ಯಾಸ: "ಬ್ಲಾಕ್", "ಸದ್ಯಕ್ಕೆ ಲಭ್ಯವಿಲ್ಲ" ಎಂಬ ಅರ್ಥದ ಸಂದೇಶ ಬೇರೆ, "ವ್ಯವಸ್ಥೆಯಲ್ಲಿ ದೋಷ, ಪರೀಕ್ಷಿಸಿ" ಎಂಬುದು ಬೇರೆ. ಎರಡನೆಯದು ಬಂದಿದ್ದರೆ ಬಟ್ಟೆ ಹಿಡಿದು ಹೋಗಬೇಡಿ, ನೇರ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ.

ರಾಡಾರ್ ಎಲ್ಲಿದೆ ಎಂಬುದು ಕಾರಿನ ಕೈಪಿಡಿಯಲ್ಲಿ ಚಿತ್ರಸಮೇತ ಇರುತ್ತದೆ. ಕೈಪಿಡಿ ಸಿಗದಿದ್ದರೆ ಗ್ರಿಲ್ ನೋಡಿ. ಉಳಿದ ಕಡೆ ಗಾಳಿಗೆ ತೂತುಗಳಿದ್ದು ಒಂದು ಜಾಗ ಮಾತ್ರ ತೂತಿಲ್ಲದೆ ಚಪ್ಪಟೆಯಾಗಿ ನುಣ್ಣಗಿದ್ದರೆ ಅದೇ. ಲೋಗೋ ಉಬ್ಬು ಅಕ್ಷರವಿಲ್ಲದೆ ಗಾಜಿನ ಹಾಗೆ ಸಪಾಟಾಗಿದ್ದರೆ ಅದರ ಹಿಂದೆ ಇರುವ ಸಾಧ್ಯತೆ ಜಾಸ್ತಿ.

ಇಗ್ನಿಷನ್ ಆಫ್ ಮಾಡಿ. ಮೊದಲು ಧಾರಾಳ ನೀರು ಸುರಿದು ಮರಳು ಇಳಿಸಿ, ಆಮೇಲೆ ಮೆತ್ತಗಿನ ಬಟ್ಟೆಯಿಂದ ಒರೆಸಿ. ಒಣ ಮಣ್ಣಿನ ಮೇಲೆ ಬಟ್ಟೆ ಉಜ್ಜಿದರೆ ಮರಳು ಗೀರು ಹಾಕುತ್ತದೆ. ಗೀರುಬಿದ್ದ ಕವರ್ ಮುಂದಿನ ಮಳೆಗೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಹಠಮಾರಿ ಕಲೆಗೆ ಕಾರು ತೊಳೆಯುವ ಸೌಮ್ಯ ಶಾಂಪೂ ಸಾಕು. ತಿನ್ನರ್, ಪೆಟ್ರೋಲ್, ಉಜ್ಜುವ ಪಾಲಿಶ್ ಬೇಡ. ಪ್ರೆಶರ್ ವಾಷರ್ ಇದ್ದರೆ ದೂರದಿಂದ ಹಿಡಿಯಿರಿ, ಕವರ್‌ನ ಅಂಚಿಗೆ ಗುರಿಯಿಡಬೇಡಿ. ಹೊರಗಿನ ಕೆಸರನ್ನು ಸಂದಿನೊಳಗೆ ತಳ್ಳುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ!

ತೊಳೆಯುವಾಗಲೇ ಎದುರಿಗೆ ಅಡ್ಡ ಏನಿದೆ ನೋಡಿಬಿಡಿ. ನಂಬರ್ ಪ್ಲೇಟ್‌ನ ಫ್ರೇಮ್, ಆಮೇಲೆ ಹಾಕಿಸಿದ ಗಾರ್ಡ್, ಸ್ಟಿಕರ್, ಹೊಳೆಯುವ ಹೊರಗಿನ ಲೋಗೋ, ಲೋಹದ ಪುಡಿಯ ಬಣ್ಣ ಹೊಡೆದ ಬಂಪರ್. ಇವು ಮಳೆಯಿಲ್ಲದಾಗಲೂ ಸಿಗ್ನಲ್‌ನ ಒಂದು ಪಾಲು ತಿಂದಿರುತ್ತವೆ. ಮಳೆ ಬಂದಾಗ ಉಳಿದದ್ದೂ ಹೋಗುತ್ತದೆ. ಮಾಲೀಕರು ಬೈಯುವುದು ಮಳೆಯನ್ನು, ಗಾರ್ಡನ್ನಲ್ಲ.

ಆಮೇಲೆ ಓಡಿಸಿ. ಬೇರೆ ವಾಹನಗಳಿರುವ, ಬದಿಯಲ್ಲಿ ಕಂಬ ಬೇಲಿಗಳಿರುವ ನೇರ ರಸ್ತೆಯಲ್ಲಿ ಹತ್ತು ಹದಿನೈದು ನಿಮಿಷ ಹೋದರೆ ಸಾಮಾನ್ಯವಾಗಿ ಸಾಕು. ಕೆಲವು ಕಾರುಗಳಲ್ಲಿ ಒಮ್ಮೆ ಇಗ್ನಿಷನ್ ಆಫ್ ಮಾಡಿ ಮತ್ತೆ ಆನ್ ಮಾಡಬೇಕಾಗುತ್ತದೆ. ಸಂದೇಶ ಹೋದ ಮೇಲೂ ಕ್ರೂಸ್ ತಾನಾಗಿ ಶುರುವಾಗದಿರಬಹುದು, ಬಟನ್ ಒತ್ತಿ ನೋಡಿ. ತುರ್ತು ಬ್ರೇಕ್ ಕೆಲಸ ಮಾಡುತ್ತದೆಯೇ ಎಂದು ಯಾವುದಕ್ಕೋ ಎದುರಾಗಿ ಓಡಿಸಿ ಪರೀಕ್ಷಿಸುವುದು ಮಾತ್ರ ಖಂಡಿತ ಬೇಡ.

ಸಂದೇಶ ಇರುವಷ್ಟು ಹೊತ್ತು ಮಾಮೂಲಿ ಬ್ರೇಕ್, ಎಬಿಎಸ್ ಎಂದಿನಂತೆ ಇರುತ್ತವೆ. ಇಲ್ಲದಿರುವುದು ಮುಂದಿನ ವಾಹನ ನೋಡಿ ವೇಗ ಇಳಿಸುವ ಕ್ರೂಸ್. ಡಿಕ್ಕಿ ಎಚ್ಚರಿಕೆ, ತಾನಾಗಿ ಹಿಡಿಯುವ ಬ್ರೇಕ್ ಇವೂ ಪೂರ್ತಿ ಅಥವಾ ಅರೆಬರೆ ಹೋಗಿರಬಹುದು. ಕೆಲವು ಕಾರುಗಳು ಆಗ ಹಳೆಯ ತರದ ಕ್ರೂಸ್‌ಗೆ ಬದಲಾಯಿಸಲು ಬಿಡುತ್ತವೆ. ಅದು ಮುಂದೆ ಯಾರಿದ್ದರೂ ಇಟ್ಟ ವೇಗದಲ್ಲೇ ಹೋಗುತ್ತದೆ. ಅಡಾಪ್ಟಿವ್ ಕ್ರೂಸ್ ರೂಢಿಯಾದ ಕಾಲಿಗೆ ಇದು ಅಪಾಯ.

ಒಂದು ಕಾರು

ನಮ್ಮ ಕೆಲಸದಲ್ಲಿ ಸಿಕ್ಕ ಒಂದು ಕೇಸು ಇಡೀ ವಿಷಯವನ್ನು ಬಿಡಿಸಿ ತೋರಿಸುತ್ತದೆ. ರಾಡಾರ್ ಕೆಳಗ್ರಿಲ್‌ನಲ್ಲಿ, ಮುಂದೆ ಕಪ್ಪು ಚೌಕದ ಕವರ್. ಮಳೆಗಾಲದ ಶುರುವಿನಲ್ಲಿ ಕಾರು ಒಂದು ಕಚ್ಚಾರಸ್ತೆಯ ಕೆಸರು ಹೊಂಡ ದಾಟಿತ್ತು. ಸಂದೇಶ ಬಂತು, ತೊಳೆದರು, ಹೋಯಿತು. ಆಮೇಲೆ ಪ್ರತಿ ಮಳೆಗೂ ಅದೇ ಕತೆ. ಇನ್ನೊಂದು ಕಡೆ ತೋರಿಸಿದ್ದಾಗ ರಾಡಾರ್ ಬದಲಿಸಿ ಎಂದಿದ್ದರಂತೆ.

"ಸರ್, ಕವರ್ ಕನ್ನಡಿ ತರ ಒರೆಸ್ತೀನಿ. ಆದ್ರೂ ಮಳೆ ಬಂದ್ರೆ ಸಾಕು, ಬರುತ್ತೆ" ಎಂದರು ಮಾಲೀಕರು. ಕವರ್ ನಿಜಕ್ಕೂ ಸ್ವಚ್ಛವಾಗಿತ್ತು.

ಅವರನ್ನು ಕೇಳಿದ ಒಂದೇ ಪ್ರಶ್ನೆ: "ಮಳೆ ನಿಂತು ಕವರ್ ಒಣಗಿದ ಮೇಲೆ ಎಷ್ಟು ಹೊತ್ತಿಗೆ ಹೋಗುತ್ತೆ?"

"ಅದೇ ದಿನ ಹೋಗಲ್ಲ. ಮಾರನೇ ದಿನ ಬಿಸಿಲಿಗೆ ನಿಲ್ಲಿಸಿದ್ರೆ ಮಧ್ಯಾಹ್ನದ ಹೊತ್ತಿಗೆ ಸರಿಯಾಗಿರುತ್ತೆ."

ಹೊರಗಿನ ನೀರಾಗಿದ್ದರೆ ಮಳೆ ನಿಂತ ಸ್ವಲ್ಪ ಹೊತ್ತಿನಲ್ಲೇ ಗಾಳಿಗೆ ಒಣಗಿ ಸಂದೇಶ ಹೋಗಬೇಕಿತ್ತು. ಮಾರನೇ ದಿನದವರೆಗೆ ಉಳಿಯುತ್ತದೆ ಎಂದರೆ ಗಾಳಿ ತಾಗದ ಕಡೆ ಏನೋ ನೀರು ಹಿಡಿದುಕೊಂಡಿದೆ.

ಸ್ಕ್ಯಾನರ್ ಹಾಕಿದೆವು. ರಾಡಾರ್ ಮಾಡ್ಯೂಲ್‌ನಲ್ಲಿ ಒಂದು ಹಳೆಯ ಕೋಡ್ ಇತ್ತು, ಅದರ ಬಾಲದಲ್ಲಿ `-97`. ಅನೇಕ ಕಾರುಗಳಲ್ಲಿ ದೋಷದ ಕೋಡಿನ ಕೊನೆಗೆ ಹೀಗೆ ಎರಡು ಅಂಕಿ ಇರುತ್ತವೆ. ಕೋಡಿನ ಮುಂಭಾಗ ಯಾವ ಭಾಗ ಎಂದು ಹೇಳಿದರೆ ಬಾಲ ಯಾವ ಬಗೆಯ ದೋಷ ಎಂದು ಹೇಳುತ್ತದೆ. `-97` ಅಂದರೆ ಭಾಗದ ಕೆಲಸಕ್ಕೆ ಏನೋ ಅಡ್ಡ ಬಂದಿದೆ. `-78` ಅಂದರೆ ಜೋಡಣೆ ಅಥವಾ ಹೊಂದಾಣಿಕೆ ಸರಿಯಿಲ್ಲ. `-54` ಅಂದರೆ ಕ್ಯಾಲಿಬ್ರೇಶನ್, ಅಂದರೆ ನೋಟವನ್ನು ಅಳತೆಗೆ ಹೊಂದಿಸುವ ಕೆಲಸ, ಆಗಿಲ್ಲ. ಇಲ್ಲಿ ಇದ್ದದ್ದು ಮೊದಲನೆಯದು ಮಾತ್ರ. ಸಂಪರ್ಕ ತಪ್ಪಿದ ಕೋಡೂ ಇರಲಿಲ್ಲ, ಅಂಥವು `U` ಅಕ್ಷರದಿಂದ ಶುರುವಾಗುತ್ತವೆ. ರಾಡಾರ್ ತಾನೇ ಕೆಟ್ಟಿದ್ದರೆ "ನನ್ನೊಳಗೆ ದೋಷ" ಎನ್ನುವ ಕೋಡ್ ಇರಬೇಕಿತ್ತು. ಅದೂ ಇಲ್ಲ.

ಬಿಸಿಲಲ್ಲಿ ಓಡಿಸಿದಾಗ ಕ್ರೂಸ್ ಲಕ್ಷಣವಾಗಿ ಕೆಲಸ ಮಾಡಿತು. ಮುಂದಿನ ಕಾರನ್ನು ದೂರದಿಂದಲೇ ಹಿಡಿಯಿತು, ತಿರುವಿನಲ್ಲಿ ಪಕ್ಕದ ಲೇನಿನ ವಾಹನ ನೋಡಿ ತಪ್ಪಾಗಿ ಬ್ರೇಕ್ ಹಿಡಿಯಲಿಲ್ಲ. ಇಷ್ಟಾದರೆ ರಾಡಾರ್ ಸರಿಯಿದೆ, ಮುಖವೂ ನೇರವಾಗಿದೆ ಎಂದು ಬಹುಮಟ್ಟಿಗೆ ನಂಬಬಹುದು.

ಇನ್ನು ಉಳಿದದ್ದು ನೀರಿನ ಪರೀಕ್ಷೆ. ಮಳೆಗೆ ಕಾಯುತ್ತ ಕೂರುವ ಬದಲು ಇದನ್ನು ಮಾಡಬಹುದು. ಎರಡು ಸಲ, ಬೇರೆ ಬೇರೆ ಮಾಡಬೇಕು. ಅದೇ ಇದರ ಗುಟ್ಟು.

ಮೊದಲ ಸಲ ಗಿಡಕ್ಕೆ ನೀರು ಸಿಂಪಡಿಸುವಂಥ ಬಾಟಲಿಯಿಂದ ಕವರ್‌ನ ಹೊರಮುಖಕ್ಕೆ ಮಾತ್ರ ಚೆನ್ನಾಗಿ ನೀರು ಹೊಡೆದೆವು. ಅಂಚಿಗೆ ಟೇಪ್ ಹಚ್ಚಿದ್ದೆವು, ಒಳಗೆ ಹನಿಯೂ ಹೋಗಬಾರದು ಎಂದು. ನೀರು ಹೊಡೆದ ಮೇಲೆ ಟೇಪ್ ತೆಗೆದು ಓಡಿಸಿದೆವು. ಸಂದೇಶ ಬರಲಿಲ್ಲ. ನೀರು ಮಣಿಯಾಗಿ ನಿಂತು ಗಾಳಿಗೆ ಜಾರಿ ಹೋಗಿತ್ತು. ಅಂದರೆ ಕವರ್‌ನ ಹೊರಮುಖ ಚೆನ್ನಾಗಿದೆ.

ಎರಡನೇ ಸಲ ಹೊರಮುಖ ಒಣಗಿಸಿ, ಕವರ್‌ನ ಮೇಲಂಚಿನ ಸಂದಿನಿಂದ ಅರ್ಧ ಲೋಟ ನೀರನ್ನು ಮೆಲ್ಲಗೆ ಒಳಗೆ ಇಳಿಬಿಟ್ಟೆವು. ರಾಡಾರ್ ಪೆಟ್ಟಿಗೆ, ಅದರ ಕನೆಕ್ಟರ್ ಎರಡೂ ರಸ್ತೆಯ ನೀರು ಎರಚುವುದನ್ನು ತಡೆಯುವಂತೆ ಮುಚ್ಚಿರುತ್ತವೆ, ಮೆಲ್ಲಗೆ ಸುರಿದ ನೀರಿಗೆ ಏನೂ ಆಗದು. ಒತ್ತಡದ ನೀರು ಮಾತ್ರ ಬೇಡ. ಗಮನಿಸಬೇಕಾದ ಒಂದು ಸಣ್ಣ ಸಂಗತಿ: ಸುರಿದ ನೀರು ಕೆಳಗಿನಿಂದ ಹೊರಗೆ ಬರಬೇಕಿತ್ತು, ಬರಲಿಲ್ಲ. ಒಂದೆರಡು ಕೆಂಪು ಹನಿ ತೊಟ್ಟಿಕ್ಕಿ ನಿಂತಿತು. ಓಡಿಸಿದ ಸ್ವಲ್ಪ ಹೊತ್ತಿಗೇ "Front Radar Blocked" ಬಂತು. ಹೊರಗೆ ಕವರ್ ಒಣಗೇ ಇತ್ತು.

ಕವರ್ ನಾಲ್ಕು ಕ್ಲಿಪ್ಪಿನ ಮೇಲೆ ನಿಂತಿತ್ತು. ಪ್ಲಾಸ್ಟಿಕ್ ಮೀಟುಗೋಲಿನಿಂದ ಒಂದೊಂದಾಗಿ ಬಿಡಿಸಿದೆವು. ಒಳಮುಖದ ಕೆಳಗಿನ ಅರ್ಧಕ್ಕೆ ಕೆಮ್ಮಣ್ಣು ಹಕ್ಕಳೆ ಕಟ್ಟಿತ್ತು. ಬುಡದಲ್ಲಿ ದಪ್ಪ, ಮೇಲೆ ಹೋದಂತೆ ತೆಳು, ನಡುನಡುವೆ ಒಂದರ ಮೇಲೊಂದು ಗೆರೆ. ಒಂದೊಂದು ಮಳೆಗೂ ಒಂದೊಂದು ಪದರ ಸೇರಿದ ಗುರುತು ಅದು. ನೀರು ಇಳಿದು ಹೋಗಲು ಕೆಳಗೆ ಒಂದು ಸೀಳು ಇರುತ್ತದೆ, ಅದಕ್ಕೆ ಕೊಳೆತ ಎಲೆಯೊಂದು ಮಣ್ಣಿನ ಜೊತೆ ಸೇರಿ ಬಿರಡೆ ಹಾಕಿತ್ತು. ಮೊದಲು ಜೋರು ಮಳೆಗೆ ಮಾತ್ರ ಬರುತ್ತಿದ್ದ ಸಂದೇಶ ಆಮೇಲೆ ತುಂತುರಿಗೂ ಬರಲು ಕಾರಣ ಇದೇ. ಪದರ ಬೆಳೆದಂತೆಲ್ಲ ಅದು ಹಿಡಿಯುವ ನೀರೂ ಬೆಳೆಯಿತು.

ಮಣ್ಣನ್ನು ಕೆರೆಯಲಿಲ್ಲ. ನೀರಲ್ಲಿ ನೆನೆಸಿಟ್ಟೆವು, ತಾನಾಗಿ ಬಿಟ್ಟಿತು. ರಾಡಾರ್‌ನ ಮುಖವನ್ನು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದೆವು. ಅದರ ಬ್ರಾಕೆಟ್ಟಿಗಾಗಲಿ ಹೊಂದಿಸುವ ತಿರುಪಿಗಾಗಲಿ ಕೈ ಹಾಕಲಿಲ್ಲ. ಸೀಳನ್ನು ಬಿಡಿಸಿದೆವು.

ಇಷ್ಟಕ್ಕೇ ಕವರ್ ಹಾಕಿಬಿಟ್ಟಿದ್ದರೆ ಮುಂದಿನ ಮಳೆಗಾಲದಲ್ಲಿ ಕಾರು ಮತ್ತೆ ಬರುತ್ತಿತ್ತು. ಕೆಸರು ಒಳಗೆ ಹೋಗಿದ್ದು ಹೇಗೆ? ಬಿಡಿಸಿದ ಕ್ಲಿಪ್ಪುಗಳಲ್ಲಿ ಮೇಲಿನ ಎಡಗಡೆಯದ್ದರ ನಾಲಿಗೆ ಮುರಿದಿತ್ತು. ಮುರಿದ ಅಂಚು ಕಪ್ಪಾಗಿತ್ತು, ಹಾಗಾಗಿ ನಮ್ಮ ಕೈಯಲ್ಲಿ ಈಗ ಮುರಿದದ್ದಲ್ಲ. ಅದರಿಂದ ಆ ಮೂಲೆಯಲ್ಲಿ ಕವರ್ ಮೂರ್ನಾಲ್ಕು ಮಿಲಿಮೀಟರ್ ಎದ್ದು ನಿಂತಿತ್ತು. ಹೊಂಡದ ಕೆಸರು ನುಗ್ಗಿದ್ದು ಅಲ್ಲಿಂದ. ಕ್ಲಿಪ್ ಬದಲಿಸಿ, ಕವರ್ ಕೂರಿಸಿ, ಸುತ್ತ ಸಂದು ಒಂದೇ ಸಮ ಇದೆಯೇ ಎಂದು ನೋಡಿ, ಎರಡನೇ ಪರೀಕ್ಷೆಯನ್ನೇ ಮತ್ತೆ ಮಾಡಿದೆವು. ಅರ್ಧ ಲೋಟ ನೀರು ಸುರಿದ ಕೂಡಲೇ ಕೆಳಗಿನಿಂದ ಸರಾಗವಾಗಿ ಹರಿದುಹೋಯಿತು. ಓಡಿಸಿದಾಗ ಸಂದೇಶ ಬರಲಿಲ್ಲ. ಕೋಡ್ ಅಳಿಸಿ ಕಳಿಸಿದೆವು. ಕೋಡ್ ಅಳಿಸುವುದು ಕೊನೆಯ ಕೆಲಸ. ಮೊದಲೇ ಅಳಿಸಿದರೆ ಸುಳಿವೂ ಹೋಗುತ್ತದೆ.

ನಿಮ್ಮ ಕಾರಿನಲ್ಲಿ ಹೀಗಾಗದಿದ್ದರೆ

ಹೊರಮುಖಕ್ಕೆ ನೀರು ಹೊಡೆದ ಮೊದಲ ಪರೀಕ್ಷೆಯಲ್ಲೇ ಸಂದೇಶ ಬಂದರೆ ಕತೆ ಬೇರೆ. ಕವರ್‌ನ ಮೇಲ್ಮೈ ಹಾಳಾಗಿದೆ, ಅಥವಾ ಅಡ್ಡ ಇರುವ ಬೇರೆ ವಸ್ತು ಆಗಲೇ ಸಿಗ್ನಲ್ ತಿಂದಿದೆ. ಮಂಕಾದ ಕವರ್ ಬದಲಿಸುವುದೇ ಮದ್ದು. ಬದಲಿಸುವಾಗ ಆ ಮಾದರಿಗೇ ಮಾಡಿದ್ದನ್ನೇ ಹಾಕಿ. ಪ್ಲಾಸ್ಟಿಕ್‌ನ ದಪ್ಪವನ್ನೂ ಬಣ್ಣವನ್ನೂ ಈ ಅಲೆಗೆ ಹೊಂದುವಂತೆ ಲೆಕ್ಕ ಹಾಕಿ ಮಾಡಿರುತ್ತಾರೆ. ನೋಡಲು ಹಾಗೇ ಇರುವ ಅಗ್ಗದ ಲೋಗೋ ಅಷ್ಟೇ ಚೆನ್ನಾಗಿ ಸಿಗ್ನಲ್ ಬಿಡಬೇಕೆಂದಿಲ್ಲ. ಅದರಲ್ಲಿ ನಿಜವಾದ ಲೋಹದ ಹೊಳಪು ಇದ್ದರಂತೂ ಮಳೆಯೇ ಬೇಡ.

ಎರಡೂ ಪರೀಕ್ಷೆಯಲ್ಲಿ ಬರದೆ, ನಿಜವಾದ ಧಾರಾಕಾರ ಮಳೆಯಲ್ಲಿ ಮಾತ್ರ ಬಂದು, ಮಳೆ ಕಡಿಮೆಯಾದ ಸ್ವಲ್ಪ ಹೊತ್ತಿನಲ್ಲಿ ಹೋಗುತ್ತಿದೆಯೇ? ಅಥವಾ ಮುಂದಿನ ಲಾರಿಯ ಚಕ್ರದಿಂದ ಏಳುವ ನೀರಿನ ಮೋಡದಲ್ಲಿ ಮಾತ್ರವೇ? ಹಾಗಿದ್ದರೆ ರಿಪೇರಿ ಮಾಡಲು ಏನೂ ಇಲ್ಲ. ರಾಡಾರ್ ತನ್ನ ಮಿತಿಯನ್ನು ಹೇಳುತ್ತಿದೆ ಅಷ್ಟೇ, ಹೇಳಲೇಬೇಕು ಕೂಡ. ಸಂದೇಶ ಬರದಂತೆ ಮಾಡಿಸುವುದಕ್ಕಿಂತ ಲಾರಿಯಿಂದ ದೂರ ಇರುವುದು ಉತ್ತಮ.

ಮಳೆ ಬಿಸಿಲು ಯಾವುದೂ ಲೆಕ್ಕಕ್ಕೆ ಬಾರದೆ ಯಾವಾಗಲೂ ಬರುತ್ತಿದ್ದರೆ, ಅಥವಾ ಕೆಸರು ಹೊಂಡದಲ್ಲಿ ಬಂಪರ್ ತಳಕ್ಕೆ ತಾಗಿದ ನೆನಪಿದ್ದರೆ, ರಾಡಾರ್‌ನ ಮುಖ ತಿರುಗಿದೆಯೇ ಎಂದು ನೋಡಬೇಕು. ಒಂದು ಡಿಗ್ರಿ ಪಕ್ಕಕ್ಕೆ ತಿರುಗಿದರೆ 100 ಮೀಟರ್ ದೂರದಲ್ಲಿ ಅದು ನೋಡುವ ಜಾಗ ಸುಮಾರು 1.75 ಮೀಟರ್ ಸರಿದಿರುತ್ತದೆ. ಹೆಚ್ಚುಕಡಿಮೆ ಅರ್ಧ ಲೇನ್. ಸಣ್ಣ ವಾಲಿಕೆಯನ್ನು ರಾಡಾರ್ ಓಡುತ್ತಲೇ ತಿದ್ದಿಕೊಳ್ಳುತ್ತದೆ, ಮಿತಿ ದಾಟಿದರೆ ಕೈಚೆಲ್ಲುತ್ತದೆ. ಮೇಲಕ್ಕೆ ಮುಖ ಮಾಡಿದರೆ ರಸ್ತೆಯ ಬದಲು ಆಕಾಶ ನೋಡುತ್ತದೆ, ಪ್ರತಿಧ್ವನಿ ಸಿಗುವುದಿಲ್ಲ, ಅದನ್ನೂ "ಬ್ಲಾಕ್" ಎಂದೇ ತಿಳಿಯಬಹುದು. ಪಕ್ಕದ ಲೇನಿನ ವಾಹನಕ್ಕೆ ಬ್ರೇಕ್ ಹಿಡಿಯುವುದು, ಎದುರಿನದ್ದನ್ನು ತಡವಾಗಿ ನೋಡುವುದು, ಕೋಡಿನ ಬಾಲದಲ್ಲಿ `-78`, ಇವು ಇದರ ಗುರುತು. ಸ್ಕ್ಯಾನರ್‌ನ ಲೈವ್ ಡೇಟಾದಲ್ಲಿ ಕೆಲವು ಕಾರುಗಳು ಅಡ್ಡ ಮತ್ತು ಮೇಲೆ ಕೆಳಗಿನ ವಾಲಿಕೆಯನ್ನು ಡಿಗ್ರಿಯಲ್ಲಿ ತೋರಿಸುತ್ತವೆ. ಅದು ಸಿಕ್ಕರೆ ವಾದವೇ ಬೇಡ.

ಇದನ್ನು ಮನೆಯಲ್ಲಿ ತಿರುಪು ತಿರುಗಿಸಿ ಸರಿ ಮಾಡಲು ಹೋಗಬೇಡಿ. ರಾಡಾರ್ ಬಿಚ್ಚಿದ್ದರೆ, ಬ್ರಾಕೆಟ್ ನೇರ ಮಾಡಿಸಿದ್ದರೆ, ಬಂಪರ್ ಬದಲಿಸಿದ್ದರೆ ಕ್ಯಾಲಿಬ್ರೇಶನ್ ಬೇಕು. ಕೆಲವು ಮಾದರಿಗಳಿಗೆ ಸಪಾಟು ನೆಲದಲ್ಲಿ ಗುರಿಫಲಕ ನಿಲ್ಲಿಸಿ ಮಾಡುತ್ತಾರೆ, ಕೆಲವಕ್ಕೆ ಸ್ಕ್ಯಾನರ್ ಹಾಕಿಕೊಂಡು ರಸ್ತೆಯಲ್ಲಿ ಓಡಿಸಿ. ಬರೀ ಕವರ್ ತೆಗೆದು ಹಾಕಿದ್ದಕ್ಕೆ ಸಾಮಾನ್ಯವಾಗಿ ಬೇಡ, ಆದರೆ ಆ ಮಾದರಿಯ ಸರ್ವಿಸ್ ಪುಸ್ತಕದಲ್ಲಿ ಏನಿದೆ ನೋಡಿಕೊಳ್ಳಿ. ಕವರ್ ಬರಲು ಬಂಪರನ್ನೇ ಇಳಿಸಬೇಕಾದ ಕಾರುಗಳೂ ಇವೆ. ಅಂಥದ್ದಾದರೆ ಇಳಿಸುವ ಮೊದಲೇ "ಕ್ಯಾಲಿಬ್ರೇಶನ್ ನೀವೇ ಮಾಡ್ತೀರಾ, ಬೇರೆ ಕಡೆ ಕಳಿಸ್ತೀರಾ?" ಎಂದು ಕೇಳಿ. ಬಂಪರ್ ಕೂರಿಸಿಯಾದ ಮೇಲೆ ಕೇಳಿದರೆ ಕಾರು ಇನ್ನೊಂದು ದಿನ ಅಲ್ಲೇ ನಿಲ್ಲುತ್ತದೆ.

ವರ್ಕ್‌ಶಾಪಿಗೆ ಒಯ್ಯುವಾಗ "ರಾಡಾರ್ ಸರಿಯಿಲ್ಲ" ಎನ್ನುವ ಬದಲು ಹೀಗೆ ಹೇಳಿ: ಮಳೆಯಲ್ಲಿ ಬರುತ್ತದೆ, ಹೊರಗೆ ಒರೆಸಿದರೆ ಹೋಗುವುದಿಲ್ಲ, ಮಾರನೇ ದಿನ ಬಿಸಿಲಿಗೆ ಹೋಗುತ್ತದೆ, ಕವರ್ ಬಿಚ್ಚಿ ಒಳಮುಖ ನೋಡಿ, ನೀರಿಳಿಯುವ ಸೀಳೂ ಕ್ಲಿಪ್ಪುಗಳೂ ಹೇಗಿವೆ ತೋರಿಸಿ. ಬಿಚ್ಚಿದಾಗ ಪಕ್ಕದಲ್ಲೇ ನಿಂತಿರಿ, ಒಳಮುಖದ ಫೋಟೊ ತೆಗೆದುಕೊಳ್ಳಿ. ಒಳಗೆ ಸ್ವಚ್ಛವಾಗಿದ್ದು, ಕೋಡಿನಲ್ಲಿ ರಾಡಾರ್‌ನ ಒಳದೋಷ ಕಂಡುಬಂದು, ಅಳಿಸಿದ ಮೇಲೂ ಅದು ಮರಳಿ ಬಂದರೆ ಮಾತ್ರ ಹೊಸ ರಾಡಾರ್‌ನ ಮಾತು.